ಒಪ್ಪಿಗೆ ಪತ್ರದ ಏಳನೇ ಪ್ಯಾರಾ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೂ ಯಾರದಾದರೂ ಬರಹ ತಿದ್ದದಿದ್ದರೆ ಉಂಡದ್ದು ಅರಗುವುದಿಲ್ಲ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಬೀದಿಯ ಮದುವೆ ಕರೆಯೋಲೆ, ಗಣಪತಿ ಕೂರಿಸುವವರ ಕರಪತ್ರ, ಎಲ್ಲಕ್ಕೂ ನನ್ನ ಕೆಂಪು ಪೆನ್ನು ತಗುಲಿದೆ. ಹಾಗಾಗಿ ಊರಿನ ಒಂದು ಆಸ್ಪತ್ರೆಯವರು ತಮ್ಮ ನೈತಿಕ ಸಮಿತಿಗೆ ಡಾಕ್ಟರೂ ಅಲ್ಲದ, ಆಸ್ಪತ್ರೆಯ ನೌಕರರೂ ಅಲ್ಲದ ಒಬ್ಬ ಸಾಮಾನ್ಯ ಸದಸ್ಯರು ಬೇಕೆಂದು ಕೇಳಿಕೊಂಡು ಬಂದಾಗ ನಾನು ಬಿಂಕ ಮಾಡಲಿಲ್ಲ. ಕುಣಿದುಕೊಂಡೇ ಹೋದೆ.

ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಮೊದಲು ಆ ಪ್ರಯೋಗ ನ್ಯಾಯವಾಗಿದೆಯೇ ಎಂದು ನೋಡುವುದು ಸಮಿತಿಯ ಕೆಲಸ. ಅದರಲ್ಲಿ ನನ್ನ ಪಾಲು ಸಣ್ಣದು. ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಓದಿ, ಇದು ನಮ್ಮಂಥವರಿಗೆ ತಿಳಿಯುತ್ತದೆಯೋ ಇಲ್ಲವೋ ಎಂದು ಹೇಳಬೇಕು, ಅಷ್ಟೆ. ಸೇರುವಾಗ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದೇನೆ. ಆದ್ದರಿಂದ ಔಷಧದ ಹೆಸರನ್ನಾಗಲೀ, ಅದರ ಅಂಕಿಗಳನ್ನಾಗಲೀ ಇಲ್ಲಿ ಬರೆಯುವುದಿಲ್ಲ.

ಆ ಸಲ ಬಂದದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ಹೊಸ ಮಾತ್ರೆ. ಎದೆಬಡಿತ ತಾಳ ತಪ್ಪಿದವರಿಗೆ ಹೃದಯದೊಳಗೆ ರಕ್ತ ಗಂಟು ಕಟ್ಟಿ, ಆ ಗಂಟು ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಅದನ್ನು ತಪ್ಪಿಸಲು ಈಗಾಗಲೇ ಮಾತ್ರೆಗಳಿವೆ. ಹೊಸದು ಅವಕ್ಕಿಂತ ಮೇಲೋ ಅಲ್ಲವೋ ಎಂದು ನೋಡುವ ಪ್ರಯೋಗ ಇದು. ಇಂಗ್ಲಿಷ್ ಪತ್ರವನ್ನು ಯಾವುದೋ ಊರಿನ ಅನುವಾದ ಕಚೇರಿಯವರು ಕನ್ನಡಕ್ಕೆ ತಂದಿದ್ದರು. ಅದರ ಏಳನೇ ಪ್ಯಾರಾ ಅಪಾಯಗಳದ್ದು. ಹೀಗಿತ್ತು: ‘ಅಧ್ಯಯನ ಔಷಧದ ಸೇವನೆಯು ಮಾರಣಾಂತಿಕ ಫಲಿತಾಂಶವನ್ನು ಒಳಗೊಂಡಂತೆ ಅಂತಃಕಪಾಲೀಯ ಹಾಗೂ ಜಠರಕರುಳಿನ ರಕ್ತಸ್ರಾವಾತ್ಮಕ ಘಟನೆಗಳೊಂದಿಗೆ ಸಂಬಂಧ ಹೊಂದಿರಬಹುದು, ಸ್ಟೀರಾಯ್ಡೇತರ ಉರಿಯೂತ ನಿರೋಧಕಗಳ ಸಹಬಳಕೆಯಲ್ಲಿ ಅಪಾಯವು ವರ್ಧಿಸಬಹುದು.’

ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ‘ಇದು ಅರ್ಥವಾಗಬೇಕಾದರೆ ಇನ್ನೊಂದು ಒಪ್ಪಿಗೆ ಪತ್ರ ಬೇಕು’ ಎಂದೆ. ಎಲ್ಲರೂ ನಕ್ಕರು. ಪ್ರಯೋಗ ನಡೆಸಲಿದ್ದ ಹೃದಯದ ಡಾಕ್ಟರೂ ನಕ್ಕರು. ಒಳ್ಳೆಯ ಮನುಷ್ಯ, ಆದರೆ ಸದಾ ಬಸ್ಸು ತಪ್ಪೀತೆನ್ನುವವರ ಅವಸರ. ‘ಮೇಡಂ, ನೀವೇ ಬರೆದುಕೊಟ್ಟುಬಿಡ್ರಿ. ನಿಮಗಿಂತ ಚಲೋ ಬರೆಯೋರು ಯಾರು ಅದಾರೆ?’ ಎಂದರು. ಸಮಿತಿಯ ಕಾರ್ಯದರ್ಶಿ, ಔಷಧಶಾಸ್ತ್ರ ಕಲಿಸುವ ಹೆಣ್ಣುಮಗಳು, ಕನ್ನಡಕದ ಮೇಲಿಂದ ನೋಡಿ, ‘ಬರೆಯೋದು ಅವರ ಕೆಲಸ, ನೋಡೋದು ನಮ್ಮ ಕೆಲಸ’ ಎಂದು ಗೊಣಗಿದರು. ನನಗೆ ಆ ಗೊಣಗಾಟ ಕೇಳಿಸಿತು. ಹೊಗಳಿಕೆ ಅದಕ್ಕಿಂತ ಜೋರಾಗಿ ಕೇಳಿಸಿತ್ತು.

ಮೂರು ದಿನ ಕೂತು ಬರೆದೆ. ಅಂತಃಕಪಾಲೀಯವನ್ನು ಕಿತ್ತೆಸೆದೆ, ವಾಕ್ಯ ಮುರಿದೆ, ಕ್ರಿಯಾಪದಗಳನ್ನು ಹಗುರ ಮಾಡಿದೆ. ‘ಮಾರಣಾಂತಿಕ’ ಬಂದಲ್ಲಿ ಪೆನ್ನು ನಿಂತಿತು. ನಮ್ಮ ಮನೆಯಲ್ಲಿ ಕಾಯಿಲೆಯವರ ಮುಂದೆ ಆ ಮಾತು ಆಡುವುದಿಲ್ಲ. ಬಾಯಿತಪ್ಪಿ ಬಂದರೆ ಅವ್ವ ‘ಬಿಡ್ತು ಅನ್ನು’ ಎಂದು ಗದರಿಸಿ, ಅನ್ನುವ ತನಕ ಬಿಡುತ್ತಿರಲಿಲ್ಲ. ಡಾಕ್ಟರರ ಎದುರು ಕೂತ ರೋಗಿಗೆ, ಅದೂ ಅಚ್ಚಾದ ಕಾಗದದಲ್ಲಿ, ನೀನು ಸಾಯಬಹುದು ಎಂದು ಬರೆಯುವುದು ನನಗೆ ಒರಟುತನವಾಗಿ ಕಂಡಿತು. ಕೊನೆಗೆ ಹೀಗೆ ಬರೆದೆ: ‘ಈ ಔಷಧವು ರಕ್ತವನ್ನು ತೆಳುವಾಗಿಸುವುದರಿಂದ ಕೆಲವರಿಗೆ ಮೂಗು, ವಸಡುಗಳಿಂದ ಸ್ವಲ್ಪ ರಕ್ತ ಬರಬಹುದು. ತೀರಾ ಅಪರೂಪಕ್ಕೆ ದೇಹದ ಒಳಗೂ ರಕ್ತ ಸೋರಿ ತೊಂದರೆ ಹೆಚ್ಚಾಗಬಹುದು. ನೋವಿನ ಮಾತ್ರೆ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು. ನಮ್ಮ ವೈದ್ಯರು ಸದಾ ನಿಮ್ಮ ಜೊತೆಗಿರುತ್ತಾರೆ, ಗಾಬರಿಪಡಬೇಕಾಗಿಲ್ಲ.’ ನಾಲ್ಕು ಸಲ ಓದಿಕೊಂಡೆ. ನೀರು ಕುಡಿದ ಹಾಗೆ ಇಳಿಯುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಭೆಯ ಹಿಂದಿನ ದಿನ ಭಾನುವಾರ. ನನ್ನ ಪುಸ್ತಕದ ಕಪಾಟಿನ ಬಾಗಿಲು ಸರಿಮಾಡಲು ಹರಿಹರದ ಒಬ್ಬ ಬಡಗಿಗೆ ಕೊಟ್ಟಿದ್ದೆ. ಇಪ್ಪತ್ತು ವರ್ಷದ ಪರಿಚಯ. ನನ್ನ ಮಗಳ ಮದುವೆಯ ಮಂಚ ಆತನ ಕೈಯದೇ. ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ಬಾಗಿಲು ನೋಡಿಕೊಂಡು ಬರುವ ನೆಪದಲ್ಲಿ ಪ್ಯಾರಾವನ್ನೂ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಔಷಧದ ಹೆಸರನ್ನೇನೂ ಬರೆದಿರಲಿಲ್ಲವಲ್ಲ, ಓದಿದರೆ ಏನಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಿತಿಯ ಕಾಗದವನ್ನು ಕೇಳದೆ ಹೊರಗೆ ಒಯ್ಯಬಾರದು ಎನ್ನುವುದು ನನಗೆ ಗೊತ್ತಿತ್ತು.

ಶೆಡ್ಡಿನಲ್ಲಿ ಆತ ಹಲಗೆಗೆ ಉಜ್ಜುಗೊರಡು ಹೊಡೆಯುತ್ತಿದ್ದ. ಹೆಂಡತಿ ಚಹಾ ತಂದಳು. ಇಬ್ಬರನ್ನೂ ಕೂರಿಸಿಕೊಂಡು, ಒಂದು ಆಸ್ಪತ್ರೆಗೆ ನಾನು ಬರೆದ ಕಾಗದ ಇದೆ, ಓದುತ್ತೇನೆ, ಆಮೇಲೆ ನಿಮ್ಮ ಮಾತಿನಲ್ಲಿ ನನಗೇ ಹೇಳಬೇಕು ಎಂದೆ. ಪಾಠ ಮಾಡುವಾಗಿನ ಹಳೆಯ ಅಭ್ಯಾಸ. ‘ತಿಳೀತಾ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ತಿರುಗಿ ಹೇಳಿಸಿದರೆ ಮಾತ್ರ ಬಣ್ಣ ಬಯಲಾಗುತ್ತದೆ.

ಓದಿದೆ. ಬಡಗಿ ಬಾಯಿ ಒರೆಸಿಕೊಂಡು ಹೇಳಿದ: ‘ಏನಿಲ್ರೀ, ಹಲ್ಲುಜ್ಜುವಾಗ ಒಂದೀಟು ರಕ್ತ ಬರ್ತತಿ. ಡಾಕ್ಟ್ರು ಜೊತಿಗೇ ಇರ್ತಾರೆ. ಹೆದ್ರಬ್ಯಾಡ ಅಂತಾರೆ. ಅಷ್ಟೆ ಅಲ್ವೇನ್ರಿ?’

ನಾನು ಕಾಗದ ನೋಡಿದೆ. ಆತ ತಪ್ಪೇನೂ ಹೇಳಿರಲಿಲ್ಲ. ನಾನು ಬರೆದದ್ದನ್ನೇ ಹೇಳಿದ್ದ.

‘ಒಳಗೆ ರಕ್ತ ಸೋರೋದು ಅಂತ ಇತ್ತಲ್ಲ, ಅದು?’

‘ತೀರಾ ಅಪರೂಪ ಅಂದ್ರಲ್ರೀ. ಅಪರೂಪದ್ದೆಲ್ಲ ನಮಗ್ಯಾಕ ಬರ್ತತಿ?’

‘ಬಂದ್ರೆ ಏನಾಗ್ತದೆ?’

‘ಆಸ್ಪತ್ರೆಗೆ ಹೋದ್ರಾತು. ಸತ್ತು ಹೋಗಂಗಿದ್ರೆ ಬರೀತಿದ್ರಲ್ಲ ಅದ್ರಾಗೆ.’

ನಗುತ್ತಲೇ ಹೇಳಿದ. ನಾನು ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಆತ ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು, ಒಂದನ್ನು ಒತ್ತಿ, ಚಹಾದ ಜೊತೆ ನುಂಗಿದ. ಏನದು ಎಂದು ಕೇಳಿದೆ. ‘ಮೊಣಕಾಲು ನೋವಿಂದ್ರಿ. ಬೆಳಿಗ್ಗೊಂದು ಸಂಜಿಗೊಂದು. ಇಲ್ಲಾಂದ್ರೆ ಕೂತು ಕೆಲ್ಸ ಮಾಡಾಕ ಆಗಲ್ಲ’ ಎಂದ.

ಹೆಂಡತಿ ಲೋಟ ಎತ್ತಿಕೊಳ್ಳುತ್ತ ಹೇಳಿದಳು: ‘ನೀವು ಓದಿದ್ದು ನಮ್ದೇ ಇರ್ಬೇಕ್ರಿ ಟೀಚರ್ರೇ. ಇವ್ರಿಗೆ ಎದಿ ಡವಡವ ಹೊಡ್ಕೊಂತಿತ್ತು, ದಾವಣಗೆರಿಯಾಗೆ ತೋರ್ಸಿದ್ವಿ. ಲಕ್ವ ಹೊಡೀಬಾರ್ದು ಅಂತ ಒಂದು ಗುಳಿಗಿ ಕೊಟ್ಟಾರೆ. ಹೊಸದು ಒಂದು ಬರಾದೈತೆ, ಬಂದ್ರೆ ಫೋನ್ ಮಾಡ್ತೀವಿ ಅಂತ ನರ್ಸಮ್ಮ ನಂಬರ್ ಬರ್ಕೊಂಡ್ರು.’

ಆಸ್ಪತ್ರೆ ಯಾವುದೆಂದು ಕೇಳಿದೆ. ಅದೇ. ಡಾಕ್ಟರೂ ಅವರೇ.

ಕೈಯಲ್ಲಿದ್ದ ಕಾಗದ ಸುಡತೊಡಗಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿರುವ ಮನುಷ್ಯ, ಅದರ ಮೇಲೆ ದಿನಕ್ಕೆ ಎರಡು ನೋವಿನ ಮಾತ್ರೆ. ಅಪಾಯವು ವರ್ಧಿಸಬಹುದು ಎಂದು ಆ ಕೆಟ್ಟ ಅನುವಾದ ಹೇಳಿದ್ದು ಇದನ್ನೇ. ನಾನು ಅದನ್ನು ‘ಕೇಳುವುದು ಒಳ್ಳೆಯದು’ ಮಾಡಿದ್ದೆ.

‘ಬೇರೆ ಔಷಧ ತಗೋತೀರಾ ಅಂತ ಡಾಕ್ಟ್ರು ಕೇಳ್ಲಿಲ್ವಾ?’

‘ಕೇಳಿದ್ರು. ಇಲ್ಲ ಅಂದೆ. ಇದೇನು ಔಷಧಾನಾ, ಅಂಗಡಿ ಗುಳಿಗಿ’ ಎಂದ ಬಡಗಿ. ಚೀಟಿ ಇದ್ದದ್ದು ಔಷಧ, ಚೀಟಿ ಇಲ್ಲದೆ ಕೊಂಡದ್ದು ಗುಳಿಗೆ. ನಮ್ಮ ಕಡೆ ಇದು ಎಲ್ಲರ ಲೆಕ್ಕ. ನನ್ನದೂ ಅದೇ ಲೆಕ್ಕವೇ ಆಗಿತ್ತು.

ಆಗ ನಾನು ಏನು ಹೇಳಬೇಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ನಾನು ಹೇಳಿದ್ದು ಇಷ್ಟು: ‘ಇದನ್ನೂ ಡಾಕ್ಟ್ರಿಗೆ ಒಂದ್ಮಾತು ತಿಳಿಸ್ರಿ, ಒಳ್ಳೇದು. ಮತ್ತೆ ನಾನು ಓದಿದ್ದು ಇನ್ನೂ ಪಕ್ಕಾ ಆಗಿಲ್ಲ. ಇದ್ರ ಮೇಲೆ ಏನೂ ತೀರ್ಮಾನ ಮಾಡಬ್ಯಾಡ್ರಿ.’ ಹೆಂಡತಿಯ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಆತ ಕೈಮುಗಿದ. ‘ಆತು ಬಿಡ್ರಿ, ಹೇಳ್ತೀನಿ. ನೀವು ಬರ್ದಿದ್ದು ಅಂದ್ಮೇಲೆ ನಮಗೇನು ಭಯ?’ ಎಂದ. ಕಪಾಟಿನ ಬಾಗಿಲು ನೋಡುವುದನ್ನೇ ಮರೆತು ಬಸ್ ನಿಲ್ದಾಣಕ್ಕೆ ನಡೆದೆ.

ಮರುದಿನ ಸಭೆಯಲ್ಲಿ ಡಾಕ್ಟರು ನನ್ನ ಪ್ಯಾರಾ ಓದಿ, ‘ಅಬ್ಬಾ, ಇದು ಕನ್ನಡ ಅಂದ್ರೆ!’ ಎಂದರು. ವಕೀಲರೊಬ್ಬರು ತಲೆದೂಗಿದರು. ಸುಮ್ಮನೆ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

‘ಇದನ್ನು ಒಪ್ಪಬೇಡಿ’ ಎಂದೆ. ‘ಮೊದಲಿನದು ಯಾರಿಗೂ ತಿಳಿಯುತ್ತಿರಲಿಲ್ಲ. ಇದು ಎಲ್ಲರಿಗೂ ತಪ್ಪಾಗಿ ತಿಳಿಯುತ್ತದೆ. ಸಾವು ಇದರಲ್ಲಿ ಇಲ್ಲ. ನಾನು ತೆಗೆದಿದ್ದೇನೆ.’

ಡಾಕ್ಟರ ಮುಖ ಬಿಗಿಯಿತು. ‘ಮೇಡಂ, ಸಾವು ಸಾವು ಅಂತ ಬರೆದ್ರೆ ಯಾರು ಕೂರ್ತಾರೆ? ಹಳ್ಳಿಯಿಂದ ಬಂದವರು ಎದ್ದು ಓಡ್ತಾರೆ. ಹಳೇ ಮಾತ್ರೆಗೂ ರಕ್ತ ಸೋರೋ ಅಪಾಯ ಇದ್ದೇ ಇದೆ. ಸುಮ್ಮನೆ ಹೆದರಿಸೋದೂ ತಪ್ಪಲ್ವಾ?’

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಅದೇ ನನ್ನನ್ನು ಕಾಡಿದ್ದು. ಕಾರ್ಯದರ್ಶಿ ಶಾಂತವಾಗಿ ಹೇಳಿದರು: ‘ಹಾಗಾದ್ರೆ ಹಳೇ ಮಾತ್ರೆಗೂ ಇದೆ ಅಂತ ಅದನ್ನೂ ಬರೀರಿ. ಹೊಸದರದ್ದನ್ನ ಕಡಿಮೆ ಮಾಡಬೇಡಿ.’ ಆಮೇಲೆ ನನ್ನ ಕಡೆ ತಿರುಗಿದರು. ‘ತಪ್ಪಾಗಿ ತಿಳಿಯುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?’

ಹೇಳಿದೆ. ಸಮಿತಿಯ ಕಾಗದವನ್ನು ಹರಿಹರಕ್ಕೆ ಒಯ್ದದ್ದು, ಒಬ್ಬರಿಗೆ ಓದಿದ್ದು, ಅವರು ಇದೇ ಪ್ರಯೋಗಕ್ಕೆ ಬರಲಿರುವ ರೋಗಿ ಎಂದು ಆಮೇಲೆ ತಿಳಿದದ್ದು. ಅಂಗಡಿ ಗುಳಿಗೆಯ ವಿಷಯವನ್ನೂ ಹೇಳಿದೆ. ಹೆಸರು ಮಾತ್ರ ಹೇಳಲಿಲ್ಲ. ಇನ್ನೊಬ್ಬರ ಕಾಯಿಲೆಯ ಸುದ್ದಿ ನನ್ನ ಬಾಯಿಂದ ಬರುವುದು ಸರಿಯಲ್ಲ ಎಂದುಕೊಂಡೆ. ಆತನೇ ಹೇಳುತ್ತಾನಲ್ಲ ಎಂದೂ. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಬೈದವಳು ನಾನು; ಅವತ್ತು ನಾನೇ ನಿಂತಿದ್ದೆ. ಕಾರ್ಯದರ್ಶಿ ಬೈಯಲಿಲ್ಲ. ‘ನಡಾವಳಿಯಲ್ಲಿ ಇದನ್ನ ಬರೆಯಬೇಕಾಗುತ್ತೆ’ ಎಂದು ಬರೆದುಕೊಂಡರು. ಡಾಕ್ಟರಿಗೂ ಬಿಸಿ ತಗುಲಿತು: ಸಮಿತಿ ಒಪ್ಪುವ ಮೊದಲೇ ಪ್ರಯೋಗದ ಮಾತೆತ್ತಿ ರೋಗಿಗಳ ನಂಬರು ಬರೆದುಕೊಳ್ಳುವಂತಿಲ್ಲ.

ಪ್ಯಾರಾ ವಾಪಸು ಹೋಯಿತು. ಬರೆಯುವವರು ಡಾಕ್ಟರ ತಂಡದವರೇ, ನಾವು ಏನೇನು ಇರಬೇಕು ಎಂದಷ್ಟೇ ತಿಳಿಸಿದೆವು. ಯಾವ ಅಂಗದಿಂದ ರಕ್ತ, ಅದರ ಗುರುತು ಏನು, ಅದರಿಂದ ಏನಾಗಬಹುದು ಎಂಬುದೆಲ್ಲ, ಸಾವಿನವರೆಗೂ, ಇರಬೇಕು. ‘ಅಪರೂಪ’ದ ಬದಲು, ಈವರೆಗೆ ಈ ಮಾತ್ರೆ ತೆಗೆದುಕೊಂಡ ನೂರು ಜನರಲ್ಲಿ ಎಷ್ಟು ಮಂದಿಗೆ ಹಾಗಾಯಿತು ಎಂಬ ಲೆಕ್ಕ ಇರಬೇಕು. ‘ಗಾಬರಿಪಡಬೇಕಾಗಿಲ್ಲ’ ಹೋಗಬೇಕು, ಗಾಬರಿಪಡುವುದೋ ಬಿಡುವುದೋ ಅವರವರಿಗೆ ಬಿಟ್ಟದ್ದು. ಹೊಸ ಬರಹವನ್ನು ಪ್ರಯೋಗಕ್ಕೆ ಸಂಬಂಧವೇ ಇಲ್ಲದ ನಾಲ್ಕಾರು ಜನರಿಗೆ ಸಮಿತಿಯ ಅನುಮತಿ ಪಡೆದು ಓದಿ, ತಿರುಗಿ ಹೇಳಿಸಿದರು. ಮೂಲ ಇಂಗ್ಲಿಷ್ ನೋಡಿರದ ಒಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎಲ್ಲಿ ಏನು ಸೋರಿಹೋಗಿದೆ ಎಂದು ಪಕ್ಕಪಕ್ಕ ಇಟ್ಟು ನೋಡಿದರು. ಅದು ಔಷಧದ ಕಂಪನಿಗೆ ಹೋಗಿ, ಸಮಿತಿಗೆ ಬಂದು, ಒಪ್ಪಿಗೆಯ ಮುದ್ರೆ ಬೀಳುವ ಹೊತ್ತಿಗೆ ಒಂದೂವರೆ ತಿಂಗಳಾಯಿತು. ಡಾಕ್ಟರು ಕಾರಿಡಾರಿನಲ್ಲಿ ಕಂಡರೆ ನಮಸ್ಕಾರ ಮಾತ್ರ ಮಾಡುತ್ತಿದ್ದರು.

ಮೊದಲ ಕೆಲವು ಒಪ್ಪಿಗೆಗಳು ಹೇಗೆ ನಡೆಯುತ್ತವೆ ಎಂದು ಕೂತು ನೋಡಲು ಸಮಿತಿ ನನ್ನನ್ನೇ ಕಳಿಸಿತು. ಎರಡನೆಯ ದಿನ ಒಳಗೆ ಬಂದವರು ಬಡಗಿ ಮತ್ತು ಆತನ ಹೆಂಡತಿ. ನನ್ನನ್ನು ಕಂಡು ಇಬ್ಬರ ಮುಖವೂ ಅರಳಿತು. ಪರಿಚಯವಿದೆ, ನಾನು ಹೊರಗಿರುತ್ತೇನೆ ಎಂದೆ. ‘ಟೀಚರ್ರು ಇಲ್ಲೇ ಇರ್ಲಿ’ ಎಂದ ಆತ. ಇದ್ದರೆ ಬಾಯಿ ತೆರೆಯುವಂತಿಲ್ಲ ಎಂದು ನನಗೆ ಹೇಳಿ ಮೂಲೆಯಲ್ಲಿ ಕೂರಿಸಿದರು. ಓದಲು ಬಾರದವರಿಗೆ ಪತ್ರ ಓದುವಾಗ ಪ್ರಯೋಗಕ್ಕೆ ಸೇರದ ಒಬ್ಬ ಸಾಕ್ಷಿ ಇರಬೇಕು. ಬೇರೆ ವಾರ್ಡಿನಲ್ಲಿದ್ದ ತಮ್ಮನನ್ನು ನೋಡಲು ಬಂದಿದ್ದ ಆವರಗೆರೆಯ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಒಪ್ಪಿದ್ದರು. ದಾಖಲೆಗೆಂದು ಇದನ್ನೆಲ್ಲ ಚಿತ್ರೀಕರಿಸಬೇಕು; ಕೇಳಿ, ಒಪ್ಪಿಗೆ ಪಡೆದು, ಕ್ಯಾಮೆರಾ ಶುರು ಮಾಡಿದರು.

ಏಳನೇ ಪ್ಯಾರಾ ಬಂತು. ಡಾಕ್ಟರೇ ಓದಿದರು, ಈ ಸಲ ಅವಸರವಿಲ್ಲದೆ.

‘ಈ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅದೇ ಕಾರಣಕ್ಕೆ, ರಕ್ತ ಸೋರಲು ಶುರುವಾದರೆ ಬೇಗ ನಿಲ್ಲದೆ ಇರಬಹುದು. ಮೂಗು, ವಸಡಿನಿಂದ ರಕ್ತ ಬರಬಹುದು. ಹೊಟ್ಟೆಯೊಳಗೆ ಸೋರಬಹುದು: ಮಲ ಡಾಂಬರಿನ ಹಾಗೆ ಕಪ್ಪಾಗುತ್ತದೆ, ವಾಂತಿಯಲ್ಲಿ ರಕ್ತ ಬರುತ್ತದೆ. ಮೆದುಳಿನೊಳಗೆ ಸೋರಬಹುದು: ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬರುತ್ತದೆ, ಮಾತು ತೊದಲುತ್ತದೆ, ಕೈಕಾಲು ಬೀಳುತ್ತದೆ. ಹೀಗಾದವರಲ್ಲಿ ಕೆಲವರು ಸತ್ತಿದ್ದಾರೆ. ನೀವೂ ಸಾಯಬಹುದು. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟರೂ ಎಲ್ಲರೂ ಉಳಿಯುತ್ತಾರೆ ಎಂದು ಹೇಳಲಾಗದು.’

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ನಿಲ್ಲಿಸಿ, ಮುಂದೆ ಓದಲೇ ಎಂದು ಕೇಳಿದರು. ಬಡಗಿ ತಲೆಯಾಡಿಸಿದ. ಅವರು ನೂರರಲ್ಲಿ ಎಷ್ಟು ಮಂದಿ ಎಂಬ ಲೆಕ್ಕ ಓದಿದರು, ಈಗ ಬಳಸುವ ಮಾತ್ರೆಗೆ ಎಷ್ಟು ಎಂದೂ ಓದಿದರು, ಇದು ಹೊಸದಾದ್ದರಿಂದ ಇನ್ನೂ ಯಾರಿಗೂ ಗೊತ್ತಿಲ್ಲದ ಅಪಾಯಗಳೂ ಇರಬಹುದು ಎಂದೂ ಓದಿದರು. ಕೊನೆಗೆ: ‘ನೋವಿನ ಮಾತ್ರೆ ತಿಂದರೆ ರಕ್ತ ಸೋರುವ ಅಪಾಯ ಇನ್ನೂ ಹೆಚ್ಚುತ್ತದೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಂಡ ಗುಳಿಗೆಯೂ ಇದರಲ್ಲಿ ಸೇರಿದೆ.’

ಆಮೇಲೆ ಡಾಕ್ಟರು, ‘ನೀವು ಕೇಳಿದ್ದನ್ನ ನಿಮ್ಮ ಮಾತಲ್ಲೇ ಹೇಳ್ರಿ’ ಎಂದರು.

ಬಡಗಿ ಜೇಬಿಗೆ ಕೈಹಾಕಿ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟ. ‘ಇದೂ ಬಂತೇನ್ರಿ?’

ಡಾಕ್ಟರು ಅದನ್ನು ತಿರುಗಿಸಿ ನೋಡಿದರು. ‘ಎಷ್ಟು ದಿನದಿಂದ?’

‘ಎರಡು ವರ್ಷ ಆತು. ದಿನಾ ಎರಡು.’

ಹೇಳಿಯೇ ಇರಲಿಲ್ಲ ಆತ. ಒಂದೂವರೆ ತಿಂಗಳು, ದಿನಕ್ಕೆ ಎರಡು, ಲಕ್ವ ತಡೆಯುವ ಮಾತ್ರೆಯ ಮೇಲೆ. ಡಾಕ್ಟರು ಪತ್ರವನ್ನು ಪಕ್ಕಕ್ಕೆ ಸರಿಸಿದರು. ದಿನಾ ಇದನ್ನು ತಿನ್ನುವವರನ್ನು ಈ ಪ್ರಯೋಗಕ್ಕೆ ಸೇರಿಸುವಂತಿಲ್ಲ ಎಂದರು. ಅದಿರಲಿ, ಈಗ ನುಂಗುತ್ತಿರುವ ಮಾತ್ರೆಯ ಜೊತೆಗೂ ಇದು ಅಪಾಯ, ಇವತ್ತಿನಿಂದಲೇ ನಿಲ್ಲಿಸಿ, ಮೊಣಕಾಲಿಗೆ ಬೇರೆ ದಾರಿ ನೋಡೋಣ ಎಂದರು. ಮಲ ಕಪ್ಪಗೆ ಹೋಗುತ್ತಿದೆಯೇ ಎಂದು ಕೇಳಿದಾಗ ಗಂಡ ಹೆಂಡಿರು ಮುಖ ಮುಖ ನೋಡಿಕೊಂಡರು. ‘ಹದಿನೈದು ದಿನ ಆತ್ರಿ’ ಎಂದಳು ಹೆಂಡತಿ. ರಕ್ತಪರೀಕ್ಷೆಗೆ ಬರೆದು, ಅವತ್ತೇ ದಾಖಲಾಗಲು ಹೇಳಿದರು.

ಹಾಸಿಗೆ ಸಿಗುವ ತನಕ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆತನೇ ಕೇಳಿದ. ಸಿಟ್ಟಿರಲಿಲ್ಲ ಮಾತಿನಲ್ಲಿ.

‘ಅವತ್ತು ಶೆಡ್ಡಿನಾಗೆ ನಾನು ನುಂಗಿದ್ದನ್ನ ನೋಡಿದ್ರಲ್ರೀ ನೀವು. ಸಾಯ್ತೀಯೋ ಅಂತ ಯಾಕ ಅನ್ಲಿಲ್ಲ?’

‘ಅನ್ನೋಕೆ ಹೆದ್ರಿಕೆ ಆಯ್ತು’ ಎಂದೆ.

ಆತ ನನ್ನ ಕಡೆ ತಿರುಗಿದ.

‘ಸಾಯೋನು ನಾನು, ಟೀಚರ್ರೇ. ಹೆದ್ರಿಕಿ ನಿಮಗ್ಯಾಕ?’